ಅಲ್ಲಿ ಮಾರ್ಕೆಟ್ ತೆರೆಯುವಾಗ ಇಲ್ಲಿ ರಾತ್ರಿ ಊಟ: ಹೊರದೇಶದಲ್ಲಿ ಕೂತು ಊರಿನ ಷೇರು ಮಾರಿದ ಕಥೆ

ಶಿರಸಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಮ್ಮನ ಹೆಸರಿಗೆ ತೋಟದ ನೋಂದಣಿ ಮುಗಿದಿದೆ. ಅದಕ್ಕೆ ಬೇಕಾದ ದುಡ್ಡಿನಲ್ಲಿ ನನ್ನ ಪಾಲನ್ನು ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿ ಕೂತು, ಇಂಡಿಯಾದ ಷೇರು ಮಾರಿ ಹೊಂದಿಸಿದೆ. ಇದೇ ದಾರಿಯಲ್ಲಿ ಇರುವವರು ಬಹಳ ಜನ ಇದ್ದಾರೆ ಅಂತ ಗೊತ್ತು. ಅವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಶುರುವಾದದ್ದು 2024ರ ಮಳೆಗಾಲ ಮುಗಿಯುವ ಹೊತ್ತಿಗೆ. ನಮ್ಮ ಮನೆ ಶಿರಸಿಯಿಂದ ಹುಲೇಕಲ್ ಕಡೆ. ನಮ್ಮ ತೋಟಕ್ಕೆ ತಾಗಿಕೊಂಡೇ ಇನ್ನೊಬ್ಬರ ಅಡಿಕೆ ತೋಟದ ತುಂಡು ಇದೆ. ತಮ್ಮ ಫೋನ್ ಮಾಡಿದ. "ಅಣ್ಣಾ, ಪಕ್ಕದ ತೋಟ ಕೊಡ್ತ್ವಡ. ಬೇರೆಯವರ ಕೈಗೆ ಹೋದ್ರೆ ನಮ್ಮ ನೀರಿಗೆ ತೊಂದ್ರೆ ಆಗ್ತು." ಮೇಲಿನ ಹೊಂಡದ ನೀರು ನಮ್ಮ ತೋಟಕ್ಕೆ ಬರುವುದು ಆ ತುಂಡಿನ ಕಾಲುವೆ ಹಾದೇ. ಹಾಗಾಗಿ ಬೇಕೋ ಬೇಡವೋ ಎನ್ನುವ ಪ್ರಶ್ನೆ ಇರಲಿಲ್ಲ. ನನ್ನ ಪಾಲಿಗೆ ಬಂದದ್ದು 8 ಲಕ್ಷ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎನ್‌ಆರ್‌ಐ ಆದವರು ತಮ್ಮ ಹೆಸರಿಗೆ ತೋಟ, ಗದ್ದೆ ಕೊಳ್ಳೋಕೆ ವಿದೇಶಿ ವಿನಿಮಯದ ಫೆಮಾ ಕಾನೂನು ಬಿಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ದುಡ್ಡು ಕೊಟ್ಟು ಕೊಳ್ಳುವಂತಿಲ್ಲ. ಊರಲ್ಲಿರುವ ತಮ್ಮನಿಗೆ ನಾನು ದುಡ್ಡು ಉಡುಗೊರೆ ಕೊಡಬಹುದು, ಅವನು ಕೊಳ್ಳಬಹುದು. ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ ಪಡೆದವರು ತೆರಿಗೆ ಕಟ್ಟಬೇಕಾಗಿಲ್ಲ. ನಾವು ಮಾಡಿದ್ದು ಇದನ್ನೇ.

ದುಡ್ಡು ಎಲ್ಲಿಂದ? ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಸ್ವಲ್ಪ ಸ್ವಲ್ಪವೇ ಕೊಂಡಿದ್ದ ಒಂದು ಬ್ಯಾಂಕಿನ 1,200 ಷೇರು ಇದ್ದವು. ಸರಾಸರಿ ಬಿದ್ದ ಬೆಲೆ 310 ರೂಪಾಯಿ. ಅದನ್ನು ಮಾರುವುದು ಅಂತ ಆಯಿತು. ಆದರೆ ಷೇರು ಇದ್ದದ್ದು ನಾನು ಇಂಡಿಯಾದಲ್ಲಿದ್ದಾಗ ತೆರೆದ ಡಿಮ್ಯಾಟ್ ಖಾತೆಯಲ್ಲಿ. ಊರು ಬಿಟ್ಟು ಎನ್‌ಆರ್‌ಐ ಆದ ಮೇಲೆ ಮಾಮೂಲಿ ಉಳಿತಾಯ ಖಾತೆ ಹೊರದೇಶದಲ್ಲಿರುವವರ ಎನ್‌ಆರ್‌ಒ ಖಾತೆ ಆಗಬೇಕು, ಷೇರುಗಳೂ ಎನ್‌ಆರ್‌ಒ ಡಿಮ್ಯಾಟ್‌ಗೆ ಹೋಗಬೇಕು. ಬ್ಯಾಂಕ್ ಖಾತೆ ಆಗಲೇ ಬದಲಾಗಿತ್ತು. ಹೊಸ ಬ್ರೋಕರ್ ಹತ್ತಿರ ಎನ್‌ಆರ್‌ಒ ಡಿಮ್ಯಾಟ್‌ಗೆ ಅರ್ಜಿ ಹಾಕಿದೆ.

ಕೇಳಿದ ಕಾಗದಗಳು ಇವು: ಪಾಸ್‌ಪೋರ್ಟ್, ವೀಸಾ, ಪ್ಯಾನ್, ಇಲ್ಲಿಯ ವಿಳಾಸಕ್ಕೊಂದು ಪುರಾವೆ, ಊರಿನ ವಿಳಾಸಕ್ಕೊಂದು ಪುರಾವೆ, ಎನ್‌ಆರ್‌ಒ ಖಾತೆಯ ರದ್ದು ಮಾಡಿದ ಚೆಕ್, ಬೇರೆ ದೇಶದಲ್ಲಿ ತೆರಿಗೆ ಕಟ್ಟುತ್ತೇನೆ ಎನ್ನುವ ಫಾಟ್ಕಾ ಘೋಷಣೆ. ಎಲ್ಲದರ ಪ್ರತಿಗೂ ನೋಟರಿ ಸಹಿ ಬೇಕು. ಇದು ತಲೆನೋವಿನ ಕೆಲಸವೇನಲ್ಲ, ಒಂದು ಮಧ್ಯಾಹ್ನ ರಜೆ ಹಾಕಿದರೆ ಮುಗಿಯುತ್ತದೆ.

ತಲೆನೋವು ಬಂದದ್ದು ಷೇರುಗಳನ್ನು ಹಳೆ ಖಾತೆಯಿಂದ ಹೊಸದಕ್ಕೆ ದಾಟಿಸುವಾಗ. ನನ್ನ ಹಳೆ ಬ್ರೋಕರ್ ಕಾಗದದ ಡಿಐಎಸ್ ಚೀಟಿಯೇ ಬೇಕು ಎಂದರು. ಚೆಕ್ ಪುಸ್ತಕದ ಥರದ್ದೇ ಒಂದು ಪುಸ್ತಕ ಅದು, ಖಾತೆ ತೆರೆದಾಗ ಕೊಟ್ಟಿರುತ್ತಾರೆ. ನನ್ನದು ಊರಿನ ಮನೆಯ ಕಪಾಟಿನಲ್ಲಿ, ಸೊಸೈಟಿಯ ಹಳೆ ಲೆಕ್ಕದ ಪಟ್ಟಿಗಳ ಅಡಿಯಲ್ಲಿತ್ತು. ತಮ್ಮ ಹುಡುಕಿ ಸ್ಪೀಡ್ ಪೋಸ್ಟ್ ಮಾಡಿದ. ನಾನು ಸಹಿ ಹಾಕಿ ಬೆಂಗಳೂರಿಗೆ ಕೊರಿಯರ್ ಮಾಡಿದೆ. ಸಹಿ ಹೊಂದುತ್ತಿಲ್ಲ ಅಂತ ಅದು ತಿರಸ್ಕಾರ ಆಯಿತು. ಹಳೆ ಖಾತೆಯಲ್ಲಿ ನನ್ನ ಸಹಿ ಕನ್ನಡದಲ್ಲಿತ್ತು. ಪಾಸ್‌ಪೋರ್ಟ್‌ನಲ್ಲಿ ಇಂಗ್ಲಿಷ್. ಹೊಸ ಅರ್ಜಿಯವರು ಪಾಸ್‌ಪೋರ್ಟ್‌ನಲ್ಲಿದ್ದ ಹಾಗೆ ಹಾಕಿ ಅಂದಿದ್ದರು, ಅದನ್ನೇ ಎಲ್ಲ ಕಡೆ ಹಾಕುತ್ತಾ ಬಂದಿದ್ದೆ. ಡಿಐಎಸ್ ಚೀಟಿಯ ಸಹಿಯನ್ನು ಮಾತ್ರ ಹಳೆ ಖಾತೆಯ ಸಹಿಗೆ ಹೋಲಿಸಿ ನೋಡುತ್ತಾರೆ. ಮತ್ತೆ ಕನ್ನಡದಲ್ಲಿ ಸಹಿ, ಮತ್ತೆ ಕೊರಿಯರ್. ಷೇರಿನ ದುಡ್ಡಿನ ಮುಂದೆ ಕೊರಿಯರ್ ಖರ್ಚು ಏನೂ ಅಲ್ಲ, ಆದರೆ ಹೊಟ್ಟೆ ಉರಿಯಿತು.

ಯಾಕೆಂದರೆ ಈ ಹೊತ್ತಿನಲ್ಲೇ ಮಾರ್ಕೆಟ್ ಇಳಿಯುತ್ತಿತ್ತು. ಅಲ್ಲಿಯ ಮಾರ್ಕೆಟ್ಟಿನ ಸೂಚ್ಯಂಕ ನಿಫ್ಟಿ 2024ರ ಸೆಪ್ಟೆಂಬರ್ ಕೊನೆಯಲ್ಲಿ 26,000 ದಾಟಿತ್ತು. 2025ರ ಮಾರ್ಚ್ ಮೊದಲ ವಾರಕ್ಕೆ 22,000ದ ಹತ್ತಿರ ಬಂದಿತ್ತು. ನನ್ನ ಷೇರು ಇನ್ನೂ ದಾರಿಯಲ್ಲಿ. ಹಳೆ ಖಾತೆಯಲ್ಲಿ ಯಾವತ್ತೋ ಹಾಕಿಟ್ಟಿದ್ದ ಅಲರ್ಟ್‌ಗಳು ಮಾತ್ರ ಸರಿಯಾಗಿ ಬರುತ್ತಿದ್ದವು. ರಾತ್ರಿ ಹನ್ನೊಂದಕ್ಕೆ ಒಂದು, ಒಂದೂವರೆಗೆ ಒಂದು. ಓದಿ ಮಾಡುವುದೇನು? ಕೈಯಲ್ಲಿ ಮಾರುವ ಅಧಿಕಾರವೇ ಇಲ್ಲ. ಸುಮ್ನೆ ನಿದ್ದೆ ಹಾಳು.

ಹೊತ್ತಿನ ಲೆಕ್ಕ ಹೀಗಿದೆ. ಇಂಡಿಯಾದ ಷೇರುಪೇಟೆ ಎನ್‌ಎಸ್‌ಇ ತೆರೆಯುವುದು ಅಲ್ಲಿಯ ಬೆಳಿಗ್ಗೆ 9:15ಕ್ಕೆ, ಮುಚ್ಚುವುದು ಮಧ್ಯಾಹ್ನ 3:30ಕ್ಕೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ಊರಿಗಿಂತ 13 ಗಂಟೆ 30 ನಿಮಿಷ ಹಿಂದೆ. ಅಂದರೆ ಇಲ್ಲಿ ಹಿಂದಿನ ದಿನದ ಸಂಜೆ 7:45ಕ್ಕೆ ತೆರೆದು ರಾತ್ರಿ 2ಕ್ಕೆ ಮುಚ್ಚುತ್ತದೆ. ಮಾರ್ಚ್‌ನಲ್ಲಿ ಇಲ್ಲಿಯವರು ಗಡಿಯಾರ ಮುಂದೆ ತಿರುಗಿಸಿದ ಮೇಲೆ ಅದು ರಾತ್ರಿ 8:45ರಿಂದ 3 ಗಂಟೆ ಆಗುತ್ತದೆ. ವಾರವೂ ಬದಲು. ನಮಗೆ ಮಾರ್ಕೆಟ್ ರಾತ್ರಿಗಳು ಭಾನುವಾರದಿಂದ ಗುರುವಾರದವರೆಗೆ. ಶುಕ್ರವಾರ ರಾತ್ರಿ ಅಲ್ಲಿ ಶನಿವಾರ, ಅಂಗಡಿ ಬಂದ್. ಭಾನುವಾರ ಸಂಜೆ ಎಲ್ಲಾದರೂ ಹೊರಗೆ ಊಟಕ್ಕೆ ಕೂತಾಗ ಅಲ್ಲಿ ಸೋಮವಾರದ ವ್ಯವಹಾರ ಶುರು. ನನಗೆ ಜಾಸ್ತಿ ಕಾಡಿದ್ದು ಈ ಭಾನುವಾರವೇ. ಅಮೆರಿಕದ ಮಾರ್ಕೆಟ್ ಶುಕ್ರವಾರ ನಡೆಯುವುದು ಇಂಡಿಯಾದ್ದು ಮುಚ್ಚಿದ ಮೇಲೆ. ಅಮೆರಿಕದ್ದು ಏನಾದರೂ ಬಿದ್ದರೆ ಅದರ ಪೆಟ್ಟು ಇಂಡಿಯಾದಲ್ಲಿ ಕಾಣುವುದು ಸೋಮವಾರ ಬೆಳಿಗ್ಗೆ, ಒಂದೇ ಸಲಕ್ಕೆ.

ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ನಕ್ಕರು. ಅವರ ಮೊಬೈಲ್‌ಗೂ ದಿನಾ ಶಿರಸಿ ಮಾರ್ಕೆಟ್ಟಿನ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ದರ ಬರುತ್ತದೆ. ಓದುತ್ತಾರೆ, ಅಷ್ಟೇ. "ರಾತ್ರಿ ಎದ್ದು ನೋಡಿದ್ರೆ ರೇಟ್ ಏರ್ತಿಲ್ಲೆ, ತಮಾ. ಎಷ್ಟಕ್ಕೆ ಕೊಡದು ಅಂತ ಹಗಲೇ ಹೇಳಿಟ್ಟು ಮಲಗು" ಅಂದರು. ಸೊಸೈಟಿಗೆ ಅಡಿಕೆ ಹಾಕುವಾಗ ಅವರು ಮಾಡುವುದೂ ಅದನ್ನೇ. ಇಂಥ ದರ ಬಂದರೆ ಮಾರಿ, ಇಲ್ಲದಿದ್ದರೆ ಇರಲಿ ಅಂತ ಹೇಳಿ ಬಸ್ ಹತ್ತುತ್ತಾರೆ.

ನಮ್ಮ ಆಫೀಸಿನಲ್ಲೂ ಒಂದು ನಿಯಮ ಇದೆ. ರಾತ್ರಿ ಪಾಳಿಯಲ್ಲಿ ಒಂದು ಅಲರ್ಟ್ ಬಂದು, ಅದಕ್ಕೆ ಮಾಡುವಂಥ ಕೆಲಸ ಏನೂ ಇಲ್ಲ ಅಂದರೆ ಆ ಅಲರ್ಟನ್ನೇ ತೆಗೆಯಬೇಕು. ಹೊಸ ಖಾತೆಗೆ ಷೇರು ಬಂದು ಸೇರಿದ ದಿನ ನಾನು ಹಳೆಯದನ್ನೆಲ್ಲ ಅಳಿಸಿದೆ. ವರ್ಷದ ಕನಿಷ್ಠ ಬೆಲೆ, ವಹಿವಾಟು ಜಾಸ್ತಿ ಆಯ್ತು, ತಜ್ಞರು ಹೀಗೆಂದರು, ಎಲ್ಲ ಹೋಯಿತು. ಕೆಲಸವನ್ನು ಎರಡು ಭಾಗ ಮಾಡಿದೆ. ಮಾರುವ ಕೆಲಸ ಜಿಟಿಟಿ ಆರ್ಡರಿನದು. ಯೋಚನೆ ಮಾಡು ಅಂತ ನನ್ನನ್ನು ಎಬ್ಬಿಸುವ ಕೆಲಸ ಅಲರ್ಟಿನದು.

ಜಿಟಿಟಿ ಗೊತ್ತಿಲ್ಲದವರಿಗೆ: ಬೆಲೆ ಇಷ್ಟಕ್ಕೆ ಮುಟ್ಟಿದರೆ ಇಷ್ಟಕ್ಕೆ ಮಾರು ಅಂತ ಬ್ರೋಕರ್ ಹತ್ತಿರ ಬರೆದಿಡುವುದು. ನಾವು ಮಲಗಿದ್ದರೂ ಅದು ಕಾಯುತ್ತಿರುತ್ತದೆ. ಆದರೆ ಇದು ಕೆಲಸ ಮಾಡಬೇಕಾದರೆ ಒಂದು ಸಹಿ ಬೇಕು. ಮಾಮೂಲಿಯಾಗಿ ಡಿಮ್ಯಾಟ್‌ನಿಂದ ಷೇರು ಮಾರುವಾಗ ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆ ಸಿಡಿಎಸ್‌ಎಲ್‌ನ ಟಿಪಿನ್ ಎನ್ನುವ ಗುಟ್ಟಿನ ಸಂಖ್ಯೆ ಹಾಕಿ, ಮೊಬೈಲ್‌ಗೆ ಬಂದ ಒಟಿಪಿ ಹಾಕಿ ಒಪ್ಪಿಗೆ ಕೊಡಬೇಕು. ನಾನು ಕೇಳಿದಾಗ ಆ ಒಪ್ಪಿಗೆ ಅವತ್ತಿನ ಮಟ್ಟಿಗೆ ಮಾತ್ರ ಅಂದರು. ನಿದ್ದೆಯಲ್ಲಿರುವವನು ಒಟಿಪಿ ಹಾಕೋದು ಹೇಗೆ? ಅದಕ್ಕೆ ಡಿಡಿಪಿಐ ಅಂತ ಒಂದು ಪತ್ರ ಇದೆ. ನಾನು ಮಾರಿದ ಷೇರನ್ನು ನನ್ನ ಖಾತೆಯಿಂದ ತೆಗೆದುಕೊಡಲು ಬ್ರೋಕರಿಗೆ ಕೊಡುವ ಅನುಮತಿ ಅದು. ಖಾತೆ ತೆರೆಯುವ ಅರ್ಜಿಯ ಜೊತೆಗೇ ಅದಕ್ಕೂ ಸಹಿ ಹಾಕಿ ಕಳಿಸಿ. ಆಮೇಲೆ ಮಾಡೋಣ ಅಂದರೆ ಮತ್ತೆ ಕೊರಿಯರ್. ಹಾಗಂತ ಊರಿನ ಸಿಮ್ ಬಿಡಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ರೀಚಾರ್ಜ್ ಮಾಡಿ, ಆಗಾಗ ಬಳಸಿ ಜೀವಂತ ಇಡಿ.

ಹೊಸ ಖಾತೆಯಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಷೇರು ದಾಟಿ ಬಂದಿತ್ತು, ಅದನ್ನು ಯಾವಾಗ ಎಷ್ಟಕ್ಕೆ ಕೊಂಡದ್ದು ಅನ್ನುವುದು ಬಂದಿರಲಿಲ್ಲ. ಖರೀದಿ ಬೆಲೆಯ ಜಾಗ ಖಾಲಿ. ಎನ್‌ಆರ್‌ಐ ಮಾರಿದಾಗ ಲಾಭದ ಮೇಲೆ ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. ಖರೀದಿ ಬೆಲೆಯೇ ಇಲ್ಲದಿದ್ದರೆ ಲಾಭ ಲೆಕ್ಕ ಹಾಕುವುದು ಎಲ್ಲಿಂದ? ಹಳೆ ಬ್ರೋಕರ್ ಕೊಟ್ಟಿದ್ದ ಕಾಂಟ್ರಾಕ್ಟ್ ನೋಟ್‌ಗಳನ್ನು ಇಮೇಲ್‌ನಲ್ಲಿ ಹುಡುಕಿ, ತಾರೀಖು ಮತ್ತು ಬೆಲೆ ಒಂದೊಂದಾಗಿ ತುಂಬಿಸಿದೆ. ಹಳೆ ಖಾತೆ ಮುಚ್ಚುವ ಮೊದಲೇ ಇವನ್ನೆಲ್ಲ ಇಳಿಸಿಟ್ಟುಕೊಳ್ಳಿ.

ಊರಿನ ಕಡೆಯ ಕೆಲಸವೂ ನಿಧಾನಕ್ಕೆ ನಡೆದಿತ್ತು. ಅವರು ಕೊಡುತ್ತಿದ್ದದ್ದು ಸರ್ವೆ ನಂಬರಿನ ಒಂದು ಭಾಗ ಮಾತ್ರ. ಹಾಗಿದ್ದಾಗ 11ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಸರ್ವೆಯವರು ಬಂದು ಅಳೆದು ನಕ್ಷೆ ಕೈಗೆ ಸಿಗುವಾಗ ಮಾರ್ಚ್ ಕೊನೆ. ಏಪ್ರಿಲ್ ಮುಗಿಯುವುದರ ಒಳಗೆ ನೋಂದಣಿ ಅಂತ ಮಾತಾಯಿತು.

ಆಗ ಷೇರು 830ರ ಆಸುಪಾಸು ಇತ್ತು. ಇನ್ನೂ ಸ್ವಲ್ಪ ಏರಬಹುದು ಅಂತ ನನಗೆ ಆಸೆ. ಬಿದ್ದರೆ ತೋಟದ ದುಡ್ಡಿಗೇ ಕುತ್ತು ಅಂತ ಭಯ. ತೆರಿಗೆ ಕಳೆದು 8 ಲಕ್ಷ ಉಳಿಯಬೇಕಾದರೆ ಎಷ್ಟಕ್ಕೆ ಮಾರಬೇಕು ಅಂತ ತಮ್ಮನ ಜೊತೆ ಫೋನಿನಲ್ಲೇ ಲೆಕ್ಕ ಹಾಕಿದೆ. ಸುಮಾರು 725 ಅಂತ ಬಂತು. ಅದಕ್ಕಿಂತ ಸಾಕಷ್ಟು ಮೇಲೆ, 770ಕ್ಕೆ ಮುಟ್ಟಿದರೆ 762ಕ್ಕೆ ಮಾರು ಅಂತ ಜಿಟಿಟಿ ಹಾಕಿದೆ. ಅಲರ್ಟ್ ಹಾಕಿದ್ದು 800ಕ್ಕೆ. ಇದು ಬಹಳ ಮುಖ್ಯ. ಅಲರ್ಟೂ ಆರ್ಡರೂ ಒಂದೇ ಬೆಲೆಗೆ ಇದ್ದರೆ, ಅಲರ್ಟ್ ಓದುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಮೊದಲೇ ಬಂದರೆ, ರಾತ್ರಿ ಬಂದದ್ದನ್ನು ಬೆಳಿಗ್ಗೆ ಏಳಕ್ಕೆ ನೋಡಿದರೂ ಸಾಕು. ಆಗ ಅಲ್ಲಿ ಸಂಜೆ ಏಳೂವರೆ, ಮಾರ್ಕೆಟ್ ಮುಚ್ಚಿದೆ, ತಮ್ಮನೂ ಬಿಡುವಾಗಿರುತ್ತಾನೆ. ಮತ್ತೆ ತೆರೆಯುವ ತನಕ ಇಡೀ ಹಗಲು ನಮ್ಮದು.

ಅಮೆರಿಕ ಏಪ್ರಿಲ್ 2ರಂದು ಹೊಸ ಸುಂಕ ಘೋಷಿಸಿತು. ಶುಕ್ರವಾರ, ಏಪ್ರಿಲ್ 4ರ ಬೆಳಿಗ್ಗೆ ಎದ್ದಾಗ 800ರ ಅಲರ್ಟ್ ಬಂದು ಕೂತಿತ್ತು. ಷೇರು 792ಕ್ಕೆ ಮುಗಿದಿತ್ತು. ಆಮೇಲೆ ಇಲ್ಲಿ ಮಧ್ಯಾಹ್ನದ ತನಕ ಅಮೆರಿಕದ ಮಾರ್ಕೆಟ್ ಕುಸಿಯಿತು. ಎಸ್ ಆಂಡ್ ಪಿ 500 ಆ ಒಂದೇ ದಿನ ಶೇಕಡಾ 6ರಷ್ಟು ಬಿತ್ತು. ಊರಿನಲ್ಲಿ ಆಗ ರಾತ್ರಿ. ಮಾರೋಣ ಅಂದರೆ ಅಂಗಡಿ ತೆರೆಯುವುದು ಇನ್ನು ನಮ್ಮ ಭಾನುವಾರ ರಾತ್ರಿಗೆ.

ಭಾನುವಾರ ಸಂಜೆ 6ಕ್ಕೆ ಗಿಫ್ಟ್ ನಿಫ್ಟಿ ನೋಡಿದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ನಡೆಯುವ ಈ ವಹಿವಾಟು ಬೆಳಿಗ್ಗೆ 6:30ಕ್ಕೇ ಶುರುವಾಗುತ್ತದೆ, ಹಾಗಾಗಿ ನಿಫ್ಟಿ ಎಲ್ಲಿ ತೆರೆಯಬಹುದು ಅನ್ನುವ ಸುಳಿವು ಮುಂಚೆಯೇ ಸಿಗುತ್ತದೆ. ಸುಳಿವು ಕೆಟ್ಟದಾಗಿತ್ತು. ತಮ್ಮನಿಗೆ ಫೋನ್ ಮಾಡಿದರೆ ಅವನು ದೊಡ್ಡಿಯಲ್ಲಿ ಹಾಲು ಕರೆಯುತ್ತಿದ್ದ. ಮನೆಯೊಳಗೆ ಸಿಗ್ನಲ್ ಸಿಗೋದಿಲ್ಲ, ಬೆಟ್ಟ ಹತ್ತಿ ಮಾತಾಡಿದ. 725ರ ಮೇಲೆ ಎಷ್ಟಕ್ಕೆ ಹೋದರೂ ಕೊಟ್ಟುಬಿಡುವುದು ಅಂತ ಇಬ್ಬರೂ ಒಪ್ಪಿದೆವು.

8:30ಕ್ಕೆ, ಅಂದರೆ ಅಲ್ಲಿ 9ಕ್ಕೆ, ಪ್ರೀ-ಓಪನ್ ಶುರುವಾಯಿತು. ಕೊಳ್ಳುವವರು ಮಾರುವವರು ಬರೆದ ಬೆಲೆಗಳನ್ನೆಲ್ಲ ಸೇರಿಸಿ ಮೊದಲ ಬೆಲೆ ತೀರ್ಮಾನ ಆಗುವುದು ಇಲ್ಲಿ. 8:45ಕ್ಕೆ ನಿಫ್ಟಿ ಶೇಕಡಾ 5ರಷ್ಟು ಕೆಳಗೆ ತೆರೆಯಿತು. ನನ್ನ ಷೇರು 748ಕ್ಕೆ ತೆರೆಯಿತು. ಫೋನ್ ಸದ್ದು ಮಾಡಿತು: ಜಿಟಿಟಿ Triggered.

ಬಹಳ ಜನ ಇದನ್ನು ಓದಿ, ಮಾರಾಟ ಆಯಿತು ಅಂತ ಮಲಗುತ್ತಾರೆ. ಆಗಿರುವುದಿಲ್ಲ. ಬೆಲೆ 792ರಿಂದ 748ಕ್ಕೆ ಒಂದೇ ಹಾರು ಹಾರಿದೆ. ಮಧ್ಯೆ 770, 762 ಅಂತ ಬೆಲೆಗಳೇ ಬರಲಿಲ್ಲ. 770ಕ್ಕಿಂತ ಕೆಳಗೆ ಬಂತಲ್ಲ ಅಂತ ಜಿಟಿಟಿ ಎಚ್ಚರಾಗಿ, 762ಕ್ಕೆ ಮಾರುವ ಆರ್ಡರನ್ನು ಮಾರ್ಕೆಟ್ಟಿಗೆ ಕಳಿಸಿದೆ. 748ಕ್ಕೆ ಸಿಗುವಾಗ 762 ಕೊಟ್ಟು ಯಾರು ಕೊಳ್ಳುತ್ತಾರೆ? ಆರ್ಡರ್ ಪುಸ್ತಕ ತೆರೆದು ನೋಡಿದರೆ ಅಲ್ಲಿ Open ಅಂತ ಇತ್ತು. ಮಾರಾಟ ಆದರೆ ಮಾತ್ರ Complete ಅಂತ ಬರುತ್ತದೆ. ಇನ್ನೊಂದು ಸಂಗತಿ: ಒಮ್ಮೆ ಎಚ್ಚರಾದ ಜಿಟಿಟಿ ಅಲ್ಲಿಗೆ ಮುಗಿಯಿತು. ಆ ಆರ್ಡರ್ 3:30ರ ಒಳಗೆ ಹೋಗದಿದ್ದರೆ ರದ್ದಾಗುತ್ತದೆ, ಮರುದಿನಕ್ಕೆ ಕಾವಲು ಇರುವುದಿಲ್ಲ. ಹೊಸದಾಗಿ ಹಾಕಬೇಕು.

ಹತ್ತು ನಿಮಿಷ ಪರದೆ ನೋಡುತ್ತಾ ಕೂತೆ. ಬೆಲೆ 741ಕ್ಕೆ ಇಳಿದು ಮತ್ತೆ 748ರ ಹತ್ತಿರ ಬಂತು. ಎಲ್ಲ ಕೊಟ್ಟುಬಿಡೋಣ ಅಂತಲೂ ಅನ್ನಿಸಿತು. ತೆರೆದ ಗಳಿಗೆಯ ಗಾಬರಿ ಮಧ್ಯಾಹ್ನಕ್ಕೆ ಸ್ವಲ್ಪ ಇಳಿಯಬಹುದು ಅಂತಲೂ ಅನ್ನಿಸಿತು. ಕೊನೆಗೆ ಆರ್ಡರನ್ನು 600 ಷೇರಿಗೆ ಇಳಿಸಿ ಬೆಲೆಯನ್ನು 762ಕ್ಕೇ ಬಿಟ್ಟೆ. ಉಳಿದ 600 ಷೇರನ್ನು 748ಕ್ಕೆ ಹೊಸ ಆರ್ಡರ್ ಮಾಡಿದೆ. ಅದು ತಕ್ಷಣ ಹೋಯಿತು. ಬಾಕಿ 600 ಹೋಗದೇ ಉಳಿದರೆ ಕಾವಲಿಗೆ ಇರಲಿ ಅಂತ 735ಕ್ಕೆ ಇನ್ನೊಂದು ಜಿಟಿಟಿ ಹಾಕೋಣ ಅಂತ ಯೋಚಿಸಿ ಬಿಟ್ಟೆ. ಅದೇ ಷೇರಿಗೆ ಎರಡು ಆರ್ಡರ್ ಇದ್ದು ಎರಡೂ ಹೋದರೆ ಇಲ್ಲದ ಷೇರು ಮಾರಿದ ಹಾಗಾಗುತ್ತದೆ. ಎನ್‌ಆರ್‌ಐಗಳಿಗೆ ಅವತ್ತೇ ಕೊಂಡು ಅವತ್ತೇ ಮಾರುವ ವ್ಯವಹಾರಕ್ಕೇ ಅವಕಾಶ ಇಲ್ಲ, ಆ ಗೋಜಲು ಬೇಡ.

ಫೋನನ್ನು ಹಾಲ್‌ನಲ್ಲಿಟ್ಟು ಮಲಗಿದೆ. ನಿದ್ದೆ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ, ಆದರೆ ಎದ್ದು ಹೋಗಲಿಲ್ಲ. ಬೆಳಿಗ್ಗೆ ನೋಡಿದರೆ ನಿಫ್ಟಿ ಸ್ವಲ್ಪ ಚೇತರಿಸಿಕೊಂಡು ಶೇಕಡಾ 3.2 ನಷ್ಟದಲ್ಲಿ ಮುಗಿದಿತ್ತು. ನನ್ನ 762ರ ಆರ್ಡರ್ ಅಲ್ಲಿಯ ಮಧ್ಯಾಹ್ನ 2ರ ಹೊತ್ತಿಗೆ, ಇಲ್ಲಿ ರಾತ್ರಿ ಒಂದೂವರೆಗೆ, Complete ಆಗಿತ್ತು. ಮರುದಿನ ಮಾರ್ಕೆಟ್ ಇನ್ನೂ ಏರಿತು. "ಕಾದಿದ್ರೆ ಇನ್ನೂ ಸಿಗ್ತಿತ್ತಲ್ವಾ" ಅಂತ ಹೇಳಿದ ಸ್ನೇಹಿತರು ಇದ್ದಾರೆ. ಸಿಗುತ್ತಿತ್ತು. ಅವರಿಗೆ ಏಪ್ರಿಲ್ ಕೊನೆಯಲ್ಲಿ ನೋಂದಣಿ ಇರಲಿಲ್ಲ.

ಈಗ ಲೆಕ್ಕ. ಒಟ್ಟು ಬಂದದ್ದು 9,06,000. ಕೊಂಡ ಬೆಲೆ 3,72,000. ಲಾಭ 5,34,000. ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಷೇರಾದ್ದರಿಂದ ಶೇಕಡಾ 12.5 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ಹಿಡಿದದ್ದು 69,420. ವರ್ಷಕ್ಕೆ 1,25,000ದವರೆಗಿನ ಇಂಥ ಲಾಭಕ್ಕೆ ತೆರಿಗೆ ಇಲ್ಲ, ಎನ್‌ಆರ್‌ಐಗೂ ಆ ವಿನಾಯಿತಿ ಇದೆ. ಆದರೆ ನನ್ನ ವಿಷಯದಲ್ಲಿ ಹಿಡಿಯುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಷೇರು ವಹಿವಾಟಿನ ಮೇಲಿನ ತೆರಿಗೆ ಎಸ್‌ಟಿಟಿ, ಬ್ರೋಕರೇಜ್ ಎಲ್ಲ ಹೋಗಿ 8,34,000ದ ಆಸುಪಾಸು ಉಳಿಯಿತು. ಮಂಗಳವಾರ ಸೆಟಲ್‌ಮೆಂಟ್ ಆಗಿ, ಬುಧವಾರ ಎನ್‌ಆರ್‌ಒ ಖಾತೆಗೆ ಬಂತು. ಗುರುವಾರ ಮಹಾವೀರ ಜಯಂತಿ, ಮಾರ್ಕೆಟ್ ರಜೆ. ದುಡ್ಡಿಗೆ ಕೊನೆ ದಿನ ಇರುವವರು ಊರಿನ ರಜೆಪಟ್ಟಿ ಎದುರಿಗಿಟ್ಟುಕೊಳ್ಳಿ, ನಾವು ಇಲ್ಲಿ ಮರೆತುಬಿಡುತ್ತೇವೆ. ತಮ್ಮನ ಖಾತೆಗೆ ಕಳಿಸುವಾಗ ಒಂದು ಸಾದಾ ಉಡುಗೊರೆ ಪತ್ರ ಬರೆದು ಇಬ್ಬರೂ ಸಹಿ ಮಾಡಿ ಇಟ್ಟುಕೊಂಡಿದ್ದೇವೆ.

ಹೆಚ್ಚಾಗಿ ಹಿಡಿದದ್ದು 16,250 ರೂಪಾಯಿ. ಅದನ್ನು ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಮಾರ್ಚ್ 31ರ ಒಳಗೆ ಮಾರಿದ್ದರೆ 2025ರಲ್ಲೇ ಕೇಳಬಹುದಿತ್ತು. ಮಾರಾಟ ಆದದ್ದು ಏಪ್ರಿಲ್ 7ರಂದು, ಅಂದರೆ ಹೊಸ ಹಣಕಾಸು ವರ್ಷದಲ್ಲಿ. ಹಾಗಾಗಿ ರಿಟರ್ನ್ ಹಾಕುವುದು 2026ರಲ್ಲಿ. ಅಲ್ಲಿಯವರೆಗೆ ಬ್ರೋಕರ್ ಹಿಡಿದ ತೆರಿಗೆ ನನ್ನ ಪ್ಯಾನ್ ಮೇಲೆ ಕಟ್ಟಿದ್ದಾರಾ ಅಂತ ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ನೋಡಬೇಕು. ಏಪ್ರಿಲ್‌ನಿಂದ ಜೂನ್‌ವರೆಗಿನದ್ದು ಅಲ್ಲಿ ಕಾಣಿಸುವುದು ಆಗಸ್ಟ್ ಹೊತ್ತಿಗೆ. ಅದಕ್ಕೊಂದು ಅಲರ್ಟ್ ಹಾಕಿದ್ದೇನೆ, ಹಗಲು ಹೊತ್ತಿಗೆ.